ಓಡಿದರೆ ಮಂಡಿ ಸವೆಯುತ್ತದೆಯೇ? ಒಂದು ಎಕ್ಸ್‌ರೇ, ಹದಿನೆಂಟು ವರ್ಷಗಳ ಲೆಕ್ಕ

ಮಂಡಿಯ ಎಕ್ಸ್‌ರೇಯನ್ನು ನಿಂತುಕೊಂಡು ತೆಗೆಸಬೇಕು. ಮಲಗಿಸಿ ತೆಗೆದರೆ ಮೈಭಾರ ಮಂಡಿಯ ಮೇಲೆ ಬೀಳುವುದಿಲ್ಲ, ತೊಡೆಮೂಳೆ ಮತ್ತು ಕೆಳಗಾಲಿನ ಮೂಳೆಯ ನಡುವಿನ ಸಂದು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಕಳೆದ ಬೇಸಿಗೆಯಲ್ಲಿ ನಿಂತು ತೆಗೆಸಿದ ಅಂಥದ್ದೊಂದು ಫಿಲ್ಮ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಅವರಿಗೆ 46 ವರ್ಷ, ತೂಕ 60 ಕೆ.ಜಿ. ಐದು ತಿಂಗಳಿಂದ ಬೆಳಗ್ಗೆ ಓಡುತ್ತಿದ್ದರು. ಬಲ ಮಂಡಿಯಲ್ಲಿ ಮೂರು ವಾರದಿಂದ ನೋವು. ಹಾಸನದಲ್ಲಿರುವ ಅವರ ತಾಯಿಗೆ ಎರಡೂ ಮಂಡಿ ಬದಲಾಯಿಸುವ ಶಸ್ತ್ರಚಿಕಿತ್ಸೆ ಆಗಿದೆ. ಫೋನಿನಲ್ಲಿ ವಿಷಯ ತಿಳಿದ ಕೂಡಲೇ ತಾಯಿ, "ನನ್ನ ಮಂಡಿ ನೋಡಿಯೂ ಬುದ್ಧಿ ಬರ್ಲಿಲ್ವಾ ನಿಂಗೆ? ಓಡೋದು ಬಿಟ್ಟುಬಿಡು" ಅಂದರಂತೆ. ಆ ತಾಯಿ ಜೀವಮಾನದಲ್ಲಿ ಒಂದು ದಿನವೂ ವ್ಯಾಯಾಮಕ್ಕೆಂದು ಓಡಿದವರಲ್ಲ.

ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಮೇಲೊಂದು ಮೂಳೆ, ಕೆಳಗೊಂದು ಮೂಳೆ, ನಡುವೆ ಕಪ್ಪಗೆ ಒಂದು ಸಂದು. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ "ಗ್ಯಾಪ್ ಕಮ್ಮಿ ಆಗಿದೆ" ಎಂಬ ಮಾತು ಈ ಸಂದಿನದ್ದೇ. ಅದು ಖಾಲಿ ಜಾಗವಲ್ಲ. ಮೂಳೆಯ ತುದಿಗಳನ್ನು ಹೊದ್ದುಕೊಂಡಿರುವ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣಿಸದ ಕಾರಣ ಅದಿರುವ ಜಾಗವೇ ಸಂದಾಗಿ ಕಾಣುತ್ತದೆ. ಮೃದ್ವಸ್ಥಿ ತೆಳುವಾದರೆ ಸಂದು ಕಿರಿದಾಗುತ್ತದೆ, ಮೂಳೆಯ ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಬರುತ್ತದೆ. ಇದೇ ಆಸ್ಟಿಯೋಆರ್ಥ್ರೈಟಿಸ್, ಆಡುಮಾತಿನಲ್ಲಿ ಮಂಡಿ ಸವೆತ. ಸಹೋದ್ಯೋಗಿಯ ಫಿಲ್ಮಿನಲ್ಲಿ ಸಂದು ಎರಡೂ ಕಡೆ ಸಮವಾಗಿತ್ತು, ಮುಳ್ಳೂ ಇರಲಿಲ್ಲ. ರಿಪೋರ್ಟಿನಲ್ಲೂ ಸವೆತದ ಮಾತಿರಲಿಲ್ಲ. ಆದರೆ ಅವರ ಪ್ರಶ್ನೆ ಇಂದಿನದಾಗಿರಲಿಲ್ಲ. "ಇವತ್ತಿಗೆ ಚೆನ್ನಾಗಿದೆ ಸರಿ. ಇನ್ನು ಇಪ್ಪತ್ತು ವರ್ಷ ಓಡಿದರೆ?"

ಇದಕ್ಕೆ ಉತ್ತರ ಕೊಡಬೇಕಾದರೆ ಯಾರಾದರೂ ಓಟಗಾರರ ಮಂಡಿಯ ಎಕ್ಸ್‌ರೇಯನ್ನು ಇಪ್ಪತ್ತು ವರ್ಷ ಕಾಲಕಾಲಕ್ಕೆ ತೆಗೆಯುತ್ತಾ ಹೋಗಿರಬೇಕು. ಅಂಥ ಅಧ್ಯಯನ ನಿಜವಾಗಿಯೂ ನಡೆದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಫ್ರೈಸ್ ಎಂಬ ಕೀಲುರೋಗ ತಜ್ಞರಿದ್ದರು. 1984ರಲ್ಲಿ ಅವರ ತಂಡ ಐವತ್ತು ದಾಟಿದ, ದೂರದ ಓಟ ರೂಢಿಯಿದ್ದವರನ್ನೂ ಅದೇ ವಯಸ್ಸಿನ, ಓಟಗಾರರಲ್ಲದ ಇತರರನ್ನೂ ಸೇರಿಸಿಕೊಂಡು ಅವರ ಆರೋಗ್ಯವನ್ನು ಗಮನಿಸತೊಡಗಿತು. ಅವರಲ್ಲಿ 45 ಓಟಗಾರರ ಮತ್ತು 53 ಇತರರ ಮಂಡಿಗಳ ಎಕ್ಸ್‌ರೇಯನ್ನು 2002ರವರೆಗೆ ಮತ್ತೆ ಮತ್ತೆ ತೆಗೆಯಲಾಯಿತು. ಶುರುವಿನಲ್ಲಿ ಅವರ ಸರಾಸರಿ ವಯಸ್ಸು 58. ಪ್ರತಿ ಫಿಲ್ಮನ್ನೂ ಇಬ್ಬರು ನೋಡಿ ಅಂಕ ಕೊಡುತ್ತಿದ್ದರು, ಇಬ್ಬರ ಸರಾಸರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು.

ಮೊದಲ ಸುತ್ತಿನ ಫಿಲ್ಮುಗಳು ಓಟಗಾರರ ಪರವಾಗಿರಲಿಲ್ಲ. ಸಣ್ಣ ಪ್ರಮಾಣದ ಸವೆತ 6.7 ಶೇಕಡಾ ಓಟಗಾರರಲ್ಲಿ, ಅಂದರೆ 45ರಲ್ಲಿ ಮೂವರಲ್ಲಿ, ಆಗಲೇ ಕಂಡಿತ್ತು. ಇನ್ನೊಂದು ಗುಂಪಿನ 53 ಜನರಲ್ಲಿ ಒಬ್ಬರಲ್ಲೂ ಇರಲಿಲ್ಲ. ಓಟ ಮಂಡಿಯನ್ನು ತಿನ್ನುತ್ತದೆ ಎಂಬುದು ನಿಜವಾಗಿದ್ದರೆ ಮುಂದಿನ ವರ್ಷಗಳಲ್ಲಿ ಈ ಅಂತರ ಹಿಗ್ಗುತ್ತಾ ಹೋಗಬೇಕಿತ್ತು. ಹೋಗಲಿಲ್ಲ. ಕೊನೆಯ ಫಿಲ್ಮುಗಳು ಬಂದಾಗ ಸವೆತ ಕಂಡದ್ದು 20 ಶೇಕಡಾ ಓಟಗಾರರಲ್ಲಿ, 32 ಶೇಕಡಾ ಇತರರಲ್ಲಿ. ತೀವ್ರ ಸವೆತದ ಪ್ರಮಾಣ ಓಟಗಾರರಲ್ಲಿ 2.2 ಶೇಕಡಾ, ಇತರರಲ್ಲಿ 9.4 ಶೇಕಡಾ. ತಲೆ ಎಣಿಸಿ ಹೇಳುವುದಾದರೆ ಓಟಗಾರರಲ್ಲಿ ಒಬ್ಬರು, ಇತರರಲ್ಲಿ ಐವರು.

ಈ ಅಂಕಿಗಳನ್ನು ನೋಡಿ "ಓಡಿದರೆ ಮಂಡಿ ಉಳಿಯುತ್ತದೆ" ಎಂದು ಬರೆದವರು ಬಹಳ ಮಂದಿ. ಅದು ದುಡುಕು. ಒಬ್ಬರು ಮತ್ತು ಐವರು ಎಂಬ ವ್ಯತ್ಯಾಸ ಇಷ್ಟು ಚಿಕ್ಕ ಗುಂಪಿನಲ್ಲಿ ಬರೀ ಅದೃಷ್ಟದಿಂದಲೂ ಬರಬಹುದು. ಸಂಶೋಧಕರೂ ಅಷ್ಟೇ ಹೇಳಿದರು: ಓಟಗಾರರಲ್ಲಿ ಸವೆತ ಹೆಚ್ಚಾಗಿ ಕಂಡಿಲ್ಲ. ಕಡಿಮೆಯಾಯಿತು ಎಂದು ಅವರು ಹೇಳಲಿಲ್ಲ. ನನಗೆ ಅವರ ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕೊನೆಯಲ್ಲಿ ಯಾರ ಮಂಡಿ ಹೆಚ್ಚು ಕೆಟ್ಟಿತ್ತು ಎಂದು ಹುಡುಕಿದಾಗ ಮೂರು ಸಂಗತಿಗಳು ಎದ್ದು ಬಂದವು. ಶುರುವಿನಲ್ಲೇ ಎತ್ತರಕ್ಕೆ ಮೀರಿದ ತೂಕವಿದ್ದದ್ದು, ಮೊದಲ ಎಕ್ಸ್‌ರೇಯಲ್ಲೇ ಹಾನಿ ಕಂಡದ್ದು, ಮತ್ತು ಕಳೆದುಹೋದ ಕಾಲ. ವ್ಯಾಯಾಮದಲ್ಲಿ ಕಳೆದ ಸಮಯಕ್ಕೂ ಸವೆತಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ.

ಚಿಕ್ಕ ಗುಂಪಿನ ತೊಂದರೆ ನೀಗಬೇಕಾದರೆ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಬೇಕು. 2017ರಲ್ಲಿ ಅಂಥದ್ದೊಂದು ವಿಶ್ಲೇಷಣೆ ಪ್ರಕಟವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಅದರಲ್ಲಿತ್ತು. ಸೊಂಟ ಅಥವಾ ಮಂಡಿಯ ಸವೆತ ಹವ್ಯಾಸಿ ಓಟಗಾರರಲ್ಲಿ 3.5 ಶೇಕಡಾ, ಓಡದೆ ಕೂತಿರುವವರಲ್ಲಿ 10.2 ಶೇಕಡಾ. ಮೂರನೆಯ ಗುಂಪೂ ಒಂದಿತ್ತು: ವೃತ್ತಿಪರರು, ರಾಷ್ಟ್ರೀಯ ಅಂತಾರಾಷ್ಟ್ರೀಯ ಮಟ್ಟದ ಸ್ಪರ್ಧಿಗಳು. ಅವರಲ್ಲಿ 13.3 ಶೇಕಡಾ. ಹಾಗಾಗಿ "ಓಟಗಾರ" ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಸೇರಿಸಿದರೆ ಉತ್ತರ ಕಲಸಿಹೋಗುತ್ತದೆ. ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ವಾರಕ್ಕೆ ಮೂರು ನಾಲ್ಕು ದಿನ ಓಡುವವರು ಮೊದಲ ಗುಂಪಿಗೆ ಸೇರಿದವರು. ನೋವಿದ್ದರೂ ಮಾತ್ರೆ ನುಂಗಿ ಆಯ್ಕೆ ಸುತ್ತಿಗೆ ಓಡಲೇಬೇಕಾದವರ ಬದುಕು ಬೇರೆ.

ಇಲ್ಲಿ ಒಂದು ಅನುಮಾನ ಸಹಜವಾಗಿ ಏಳಬೇಕು. ಮಂಡಿ ಗಟ್ಟಿ ಇದ್ದವರೇ ಓಟದಲ್ಲಿ ಉಳಿಯುತ್ತಾರೆ, ನೋವು ಬಂದವರು ಬಿಟ್ಟು ಹೋಗುತ್ತಾರೆ, ಆಮೇಲೆ ಉಳಿದವರನ್ನು ಎಣಿಸಿದರೆ ಓಟ ಒಳ್ಳೆಯದಾಗಿ ಕಾಣದೆ ಇನ್ನೇನು? ಈ ಆಕ್ಷೇಪ ಸರಿಯಾದದ್ದು. ಇದಕ್ಕೆ ಭಾಗಶಃ ಉತ್ತರ ಕೊಟ್ಟದ್ದು ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನ. ಅಲ್ಲಿ 2,637 ಜನರನ್ನು "ಬದುಕಿನ ಯಾವ ಘಟ್ಟದಲ್ಲಾದರೂ ಓಡುತ್ತಿದ್ದಿರಾ?" ಎಂದು ಕೇಳಿದರು. ಓಡಿ ಬಿಟ್ಟವರೂ ಲೆಕ್ಕಕ್ಕೆ ಬಂದರು. ಸುಮಾರು 30 ಶೇಕಡಾ ಜನ ಹೌದೆಂದರು. ಅವರಲ್ಲಿ ಮಂಡಿನೋವಾಗಲಿ ಸವೆತವಾಗಲಿ ಓಡದವರಿಗಿಂತ ಹೆಚ್ಚಿರಲಿಲ್ಲ. ಬಿಟ್ಟವರನ್ನು ಸೇರಿಸಿಕೊಂಡ ಮೇಲೂ ಹಾನಿಯ ಸುಳಿವು ಸಿಗಲಿಲ್ಲ ಎಂಬುದು ನನಗೆ ಬಲವಾದ ಸಾಕ್ಷಿಯಾಗಿ ಕಾಣುತ್ತದೆ. ಆದರೂ ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪನ್ನು ಇಪ್ಪತ್ತು ವರ್ಷ ಓಡಿಸಿ, ಇನ್ನೊಂದನ್ನು ಕೂರಿಸಿ ನೋಡಲು ಯಾರಿಂದಲೂ ಆಗದು. ಆದ್ದರಿಂದ ಓಟವೇ ಮಂಡಿಯನ್ನು ಕಾಯುತ್ತದೆ ಎಂದು ಹೇಳುವಷ್ಟು ಆಧಾರ ಇಲ್ಲ. ಓಟಗಾರರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ, ಅವರಿಗೆ ಸಿಕ್ಕ ಲಾಭದಲ್ಲಿ ದೊಡ್ಡ ಪಾಲು ತೂಕದ್ದೇ ಇರಬಹುದು. ಹವ್ಯಾಸಿ ಓಟ ಆರೋಗ್ಯವಂತ ಮಂಡಿಯನ್ನು ಸವೆಸುತ್ತದೆ ಎಂಬುದಕ್ಕೆ ಮಾತ್ರ, ಇಷ್ಟು ವರ್ಷ ಹುಡುಕಿದ ಮೇಲೂ, ಆಧಾರ ಸಿಕ್ಕಿಲ್ಲ.

ಸಹೋದ್ಯೋಗಿಗೆ ಇಷ್ಟು ಹೇಳಿ ಮುಗಿಸಿದಾಗ ಅವರು ಸುಮ್ಮನೆ ತಲೆ ಅಲ್ಲಾಡಿಸಿದರು. "ಆದ್ರೂ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಏಟು ಬೀಳುತ್ತಲ್ಲ, ಅದು ಎಲ್ಲಿಗೆ ಹೋಗುತ್ತೆ?" ಎಂದರು. ಒಳ್ಳೆಯ ಪ್ರಶ್ನೆ. ಅಂಕಿ ಅಂಶ ಏನೇ ಹೇಳಲಿ, ಟೈರು ಓಡಿದಷ್ಟೂ ಸವೆಯುತ್ತದೆ, ಬೇರಿಂಗ್ ತಿರುಗಿದಷ್ಟೂ ತೇಯುತ್ತದೆ ಎಂಬುದು ನಾವು ದಿನವೂ ಕಣ್ಣಾರೆ ಕಾಣುವ ಸಂಗತಿ. ಮಂಡಿ ಮಾತ್ರ ಅದಕ್ಕೆ ಹೊರತಾಗುವುದು ಹೇಗೆ?

ಭಾರದ ಲೆಕ್ಕವನ್ನು ಮೊದಲು ನೋಡೋಣ. ಅಮೆರಿಕದ ರಾಸ್ ಮಿಲ್ಲರ್ ಎಂಬ ಸಂಶೋಧಕರ ತಂಡ 2014ರಲ್ಲಿ 14 ಜನರನ್ನು ನಡೆಸಿ, ಓಡಿಸಿ, ಮಂಡಿಯೊಳಗೆ ಬೀಳುವ ಭಾರವನ್ನು ಲೆಕ್ಕ ಹಾಕಿತು. ನಡೆಯುವಾಗ ಒಂದು ಹೆಜ್ಜೆಯಲ್ಲಿ ಬೀಳುವ ಗರಿಷ್ಠ ಭಾರ ಮೈತೂಕದ ಸುಮಾರು 2.7 ಪಟ್ಟು. ಓಡುವಾಗ 8 ಪಟ್ಟು. ನನ್ನ ಸಹೋದ್ಯೋಗಿಯ 60 ಕೆ.ಜಿ. ಮೈತೂಕಕ್ಕೆ ಅನ್ವಯಿಸಿದರೆ ನಡೆವಾಗ ಸುಮಾರು 160 ಕೆ.ಜಿ., ಓಡುವಾಗ 480 ಕೆ.ಜಿ. ಮೂರು ಪಟ್ಟು. ಓಟ ಬೇಡ ಅನ್ನುವವರ ಭಯಕ್ಕೆ ಇಷ್ಟು ಸಾಕು.

ಆದರೆ ಐದು ಕಿಲೋಮೀಟರ್ ದಾರಿಯನ್ನು ಪೂರ್ತಿ ಕ್ರಮಿಸಿ ನೋಡಿ. ನಡೆಯುವಾಗ ಹೆಜ್ಜೆಗೆ 70 ಸೆಂ.ಮೀ. ಎಂದಿಟ್ಟುಕೊಂಡರೆ ಏಳು ಸಾವಿರ ಚಿಲ್ಲರೆ ಹೆಜ್ಜೆಗಳು, ಒಂದು ಕಾಲಿಗೆ ಸುಮಾರು 3,570. ಪ್ರತಿ ಸಲ ಪಾದ ನೆಲದ ಮೇಲಿರುವುದು ಸುಮಾರು 0.65 ಸೆಕೆಂಡು. ಅಂದರೆ ಐದು ಕಿಲೋಮೀಟರಿನಲ್ಲಿ ಒಂದು ಮಂಡಿ ಭಾರ ಹೊತ್ತ ಒಟ್ಟು ಸಮಯ ಹೆಚ್ಚುಕಡಿಮೆ 39 ನಿಮಿಷ. ಓಡುವಾಗ ಹೆಜ್ಜೆ ಉದ್ದ, 95 ಸೆಂ.ಮೀ. ಎನ್ನೋಣ. ಒಂದು ಕಾಲಿಗೆ 2,630 ಹೆಜ್ಜೆ, ನೆಲ ಮುಟ್ಟುವುದು ಬರೀ 0.28 ಸೆಕೆಂಡು. ಒಟ್ಟು ಸುಮಾರು 12 ನಿಮಿಷ. ಭಾರ ಮೂರು ಪಟ್ಟು, ಹೊತ್ತ ಸಮಯ ಮೂರನೆಯ ಒಂದು ಪಾಲು. ಹೆಜ್ಜೆಯಳತೆಯ ಈ ಲೆಕ್ಕ ನಾನು ಕಾಗದದ ಮೇಲೆ ಸ್ಥೂಲವಾಗಿ ಹಾಕಿದ್ದು, ಆದರೆ ಮಿಲ್ಲರ್ ತಂಡ ಪ್ರಯೋಗಾಲಯದಲ್ಲಿ ಕಂಡದ್ದೂ ಇದನ್ನೇ. ಒಂದು ಮೀಟರ್ ದೂರಕ್ಕೆ ಮಂಡಿ ಹೊರುವ ಒಟ್ಟು ಭಾರ ನಡಿಗೆಯಲ್ಲೂ ಓಟದಲ್ಲೂ ಹತ್ತಿರ ಹತ್ತಿರ ಒಂದೇ.

ಇಷ್ಟಕ್ಕೇ ಉತ್ತರ ಮುಗಿಯುವುದಿಲ್ಲ. ತಂತಿಯನ್ನು ಮೆಲ್ಲಗೆ ಸಾವಿರ ಸಲ ಬಾಗಿಸುವುದಕ್ಕೂ ಜೋರಾಗಿ ಮುನ್ನೂರು ಸಲ ಬಾಗಿಸುವುದಕ್ಕೂ ವ್ಯತ್ಯಾಸವಿದೆ, ಜೋರಾಗಿ ಬಾಗಿಸಿದ್ದು ಬೇಗ ಮುರಿಯುತ್ತದೆ. 2020ರಲ್ಲಿ ಅದೇ ಮಿಲ್ಲರ್ ಇನ್ನೊಬ್ಬರ ಜೊತೆಗೂಡಿ ಮೃದ್ವಸ್ಥಿಯನ್ನು ನಿರ್ಜೀವ ವಸ್ತುವೆಂದೇ ಭಾವಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಹಾಗೆ ನೋಡಿದರೆ ದಿನವೂ ಓಡುವವರಲ್ಲಿ ಬಹುತೇಕ ಎಲ್ಲರ ಮೃದ್ವಸ್ಥಿಯೂ ನಡುವಯಸ್ಸಿಗೆಲ್ಲ ಕೈಕೊಡಬೇಕು. ವಾಸ್ತವದಲ್ಲಿ ಹಾಗಾಗುತ್ತಿಲ್ಲ. ಮೃದ್ವಸ್ಥಿ ಭಾರಕ್ಕೆ ತಕ್ಕಂತೆ ಗಟ್ಟಿಯಾಗಬಲ್ಲದು ಎಂಬ ಅಂಶವನ್ನು ಸೇರಿಸಿದಾಗ ಮಾತ್ರ ಅವರ ಲೆಕ್ಕ ಲೋಕದಲ್ಲಿ ಕಾಣುವ ಸ್ಥಿತಿಗೆ ಹತ್ತಿರ ಬಂತು. ಟೈರಿನ ಹೋಲಿಕೆ ಮುರಿದುಬೀಳುವುದು ಇಲ್ಲೇ.

ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಒಳಗಿರುವ ಜೀವಕೋಶಗಳಿಗೆ ಆಹಾರ ಬರಬೇಕಾದದ್ದು ಸುತ್ತಲಿನ ಕೀಲುದ್ರವದಿಂದ. ನಮ್ಮವರು "ಗ್ರೀಸ್" ಅನ್ನುವುದು ಇದನ್ನೇ. ಗ್ರೀಸು ಬರೀ ಉಜ್ಜಾಟ ತಪ್ಪಿಸುತ್ತದೆ, ಈ ದ್ರವ ಉಣಿಸುತ್ತದೆ ಕೂಡ. ಮಂಡಿಯ ಮೇಲೆ ಭಾರ ಬಿದ್ದಾಗ ಒದ್ದೆ ಸ್ಪಂಜನ್ನು ಅದುಮಿದಂತೆ ಮೃದ್ವಸ್ಥಿಯಿಂದ ನೀರು ಹೊರಬರುತ್ತದೆ, ಭಾರ ತೆಗೆದಾಗ ಮತ್ತೆ ಹೀರಿಕೊಳ್ಳುತ್ತದೆ. ಓಟ ಮುಗಿದ ಕೂಡಲೇ ಎಂಆರ್‌ಐ ತೆಗೆದರೆ ಮೃದ್ವಸ್ಥಿ ಸ್ವಲ್ಪ ತೆಳುವಾಗಿರುವುದು ಕಾಣುತ್ತದೆ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಮೊದಲಿನಂತಾಗಿರುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಚಲನೆ ನಿಂತವರಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಮಂಡಿಗೆ ಭಾರವೇ ಬೀಳದೆ ತಿಂಗಳುಗಳಲ್ಲೇ ಮೃದ್ವಸ್ಥಿ ತೆಳುವಾಗತೊಡಗುತ್ತದೆ.

2017ರ ಲಂಡನ್ ಮ್ಯಾರಥಾನ್‌ಗೆ ಮೊದಲ ಸಲ ತಯಾರಾಗುತ್ತಿದ್ದ 82 ಜನರ ಮಂಡಿಗಳ ಎಂಆರ್‌ಐಯನ್ನು ತರಬೇತಿಗೆ ಮುಂಚೆ ಒಮ್ಮೆ, ಓಟ ಮುಗಿದ ಮೇಲೆ ಒಮ್ಮೆ ತೆಗೆದರು. ಅವರ ಸರಾಸರಿ ವಯಸ್ಸು 44. ಯಾರಿಗೂ ಮಂಡಿನೋವಿರಲಿಲ್ಲ, ಆದರೂ ಮೊದಲ ಸ್ಕ್ಯಾನಿನಲ್ಲೇ ಬಹಳಷ್ಟು ಜನರ ಮಂಡಿಯೊಳಗೆ ಒಂದಲ್ಲ ಒಂದು ದೋಷ ಕಂಡಿತು. ನಲವತ್ತು ದಾಟಿದವರ ಸ್ಕ್ಯಾನ್ ರಿಪೋರ್ಟ್ ಓದಿ ಹೆದರುವ ಮುಂಚೆ ಇದನ್ನು ನೆನಪಿಡಬೇಕು. ಮ್ಯಾರಥಾನ್ ಮುಗಿಸಿದವರಲ್ಲಿ ತೊಡೆಮೂಳೆ ಮತ್ತು ಕೆಳಗಾಲಿನ ಮೂಳೆ ಸೇರುವ ಜಾಗದಲ್ಲಿ, ಅಂದರೆ ಮೈಭಾರ ಮುಖ್ಯವಾಗಿ ಬೀಳುವ ಕಡೆ, ಮೂಳೆಯೊಳಗಿನ ಬಾವು ಮೊದಲಿಗಿಂತ ಕಡಿಮೆಯಾಗಿತ್ತು. ಆದರೆ ಮಂಡಿಚಿಪ್ಪಿನ ಹಿಂಬದಿಯಲ್ಲಿ ಕೆಲವರ ಮೃದ್ವಸ್ಥಿ ಕೆಟ್ಟಿತ್ತು. ಓಟದ ಪರವಾಗಿ ಬರೆಯುವವರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಓಟಗಾರರಿಗೆ ನಿಜವಾಗಿ ನೋವು ಬರುವ ಜಾಗ ಹೆಚ್ಚಾಗಿ ಅದೇ.

ನನ್ನ ಸಹೋದ್ಯೋಗಿಯ ನೋವೂ ಅಲ್ಲೇ ಇತ್ತು. ಎಲ್ಲಿ ನೋಯುತ್ತದೆ ಎಂದು ಕೇಳಿದಾಗ ಅವರು ಬೆರಳಿಟ್ಟು ಒಂದು ಜಾಗ ತೋರಿಸಲಿಲ್ಲ, ಅಂಗೈಯಿಂದ ಚಿಪ್ಪನ್ನು ಪೂರ್ತಿ ಮುಚ್ಚಿದರು. ಮೆಟ್ಟಿಲು ಇಳಿಯುವಾಗ ಜಾಸ್ತಿ, ಹತ್ತುವಾಗ ಸ್ವಲ್ಪ. ಕುಕ್ಕರುಗಾಲಲ್ಲಿ ಕೂತು ಏಳುವಾಗ ಚುಚ್ಚುತ್ತದೆ. ಬಸ್ಸಿನಲ್ಲಿ ಎರಡು ಗಂಟೆ ಕಾಲು ಮಡಚಿ ಕೂತರೆ ಮಂಡಿ ನೀಡಿ ಚಾಚಬೇಕೆನಿಸುತ್ತದೆ. ಊತ ಇಲ್ಲ. ಓಟಗಾರರ ನಡುವೆ "ರನ್ನರ್ಸ್ ನೀ" ಎಂದು ಕರೆಯುವ ನೋವಿನ ಲಕ್ಷಣ ಅಚ್ಚುಕಟ್ಟಾಗಿ ಇದೇ. ತೊಡೆಮೂಳೆಯ ಮುಂಭಾಗದ ಕಾಲುವೆಯಲ್ಲಿ ಜಾರುವ ಚಿಪ್ಪಿನ ಸುತ್ತ, ಅದು ತಾಳಿಕೊಳ್ಳುವುದಕ್ಕಿಂತ ಹೆಚ್ಚು ಭಾರ ಒಮ್ಮೆಗೇ ಬಿದ್ದಾಗ ಏಳುವ ನೋವು. ಇದಿದೆ ಎಂದ ಮಾತ್ರಕ್ಕೆ ಮಂಡಿ ಸವೆದಿದೆ ಎಂದಲ್ಲ. ಜನ ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ "ಓಡಿದರೆ ಮಂಡಿ ಹೋಗುತ್ತದೆ" ಎಂಬ ಮಾತಿಗೆ ಇಷ್ಟು ಬಲ ಬಂದಿದೆ ಎಂದು ನನಗನಿಸುತ್ತದೆ. ಓಡಿದರು, ನೋವು ಬಂತು, ಅಮ್ಮನಿಗೂ ಮಂಡಿನೋವು. ಮೂರನ್ನೂ ಕೂಡಿಸಿದರೆ ಕತೆ ತಾನಾಗಿ ಹುಟ್ಟಿಕೊಳ್ಳುತ್ತದೆ.

ಹಾಗಾದರೆ ಆ ಭಾರ ಒಮ್ಮೆಗೇ ಬಿದ್ದದ್ದು ಯಾವಾಗ? ಅವರ ಫೋನಿನ ಆ್ಯಪ್‌ನಲ್ಲಿ ಎಲ್ಲ ಓಟಗಳೂ ದಾಖಲಾಗಿದ್ದವು. ಹಿಂದಿನ ಒಂದು ತಿಂಗಳಲ್ಲಿ ಅವರ ಅತಿ ಉದ್ದದ ಓಟ 5 ಕಿ.ಮೀ. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆಯಲಿದ್ದ ಒಂದು ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದರು. ಒಂದು ಭಾನುವಾರ ಗೆಳತಿಯರ ಗುಂಪಿನ ಜೊತೆ ಹೋಗಿ 9 ಕಿ.ಮೀ. ಓಡಿಬಿಟ್ಟರು. ಅವತ್ತು ಏನೂ ಆಗಲಿಲ್ಲ. ಮಂಗಳವಾರ ಮೆಟ್ಟಿಲು ಇಳಿಯುವಾಗ ನೋವು ಶುರು.

ಈ ಒಂದು ಭಾನುವಾರದ ಬಗ್ಗೆ ಹೇಳಲು ಈಗ ಒಳ್ಳೆಯ ಆಧಾರವಿದೆ. 2025ರಲ್ಲಿ ಡೆನ್ಮಾರ್ಕಿನ ಸಂಶೋಧಕರ ನೇತೃತ್ವದಲ್ಲಿ 5,200ಕ್ಕೂ ಹೆಚ್ಚು ಓಟಗಾರರ ಕೈಗಡಿಯಾರದ ದಾಖಲೆಗಳನ್ನು ಹದಿನೆಂಟು ತಿಂಗಳು ಹಿಂಬಾಲಿಸಿದ ಅಧ್ಯಯನ ಪ್ರಕಟವಾಯಿತು. ವಾರದ ಒಟ್ಟು ದೂರವನ್ನು 10 ಶೇಕಡಾಕ್ಕಿಂತ ಹೆಚ್ಚು ಏರಿಸಬಾರದು ಎಂಬುದು ಓಟಗಾರರಲ್ಲಿ ಹಳೆಯ ನಿಯಮ. ಸಂಶೋಧಕರು ಕಂಡದ್ದು ಬೇರೆ. ಗಾಯದ ಅಪಾಯ ಏರಿದ್ದು ಒಂದೇ ಓಟದಲ್ಲಿ ಹಾರಿದಾಗ. ಹಿಂದಿನ 30 ದಿನಗಳ ಅತಿ ಉದ್ದದ ಓಟಕ್ಕಿಂತ 10 ಶೇಕಡಾ ದಾಟಿ ಓಡಿದವರಿಗೆ ಗಾಯದ ಅಪಾಯ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚು. ದೂರವನ್ನು ದುಪ್ಪಟ್ಟಿಗಿಂತ ಹೆಚ್ಚಿಸಿದವರಿಗೆ ಅದು ಎರಡು ಪಟ್ಟನ್ನೂ ಮೀರಿತು. 5 ಕಿ.ಮೀ.ಯವರಿಗೆ 10 ಶೇಕಡಾ ಎಂದರೆ 5.5 ಕಿ.ಮೀ. ನನ್ನ ಸಹೋದ್ಯೋಗಿ 80 ಶೇಕಡಾ ಹಾರಿದ್ದರು. ವಾರದ ಒಟ್ಟು ಲೆಕ್ಕ ನೋಡಿದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಏಕೆಂದರೆ ಆ ವಾರ ಅವರು ಉಳಿದ ಎರಡು ದಿನ ಓಡಿರಲಿಲ್ಲ.

ಅವರು ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಂಡರು. ಪೂರ್ತಿ ಬಿಡಿ ಎಂದು ಆಕೆ ಹೇಳಲಿಲ್ಲ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ, ಓಡುವಾಗ ಮೂರರೊಳಗೆ ಇದ್ದು ಮರುದಿನ ಬೆಳಗ್ಗೆ ಹಾಸಿಗೆಯಿಂದ ಎದ್ದು ಮೆಟ್ಟಿಲು ಇಳಿಯುವಾಗ ಮೊದಲಿನಷ್ಟೇ ಇದ್ದರೆ ಆ ದೂರ ಮಂಡಿಗೆ ಒಪ್ಪಿದೆ ಎಂದುಕೊಳ್ಳಿ ಎಂದರು. ಬೆಳಗ್ಗೆ ಹೆಚ್ಚಾಗಿದ್ದರೆ ಮುಂದಿನ ಸಲ ದೂರ ಇಳಿಸಬೇಕು. ಇಳಿಜಾರು, ಮೆಟ್ಟಿಲು ಕೆಲವು ವಾರ ಬೇಡ. ಹೆಜ್ಜೆಯನ್ನು ಚಿಕ್ಕದು ಮಾಡಿ, ನಿಮಿಷಕ್ಕೆ ಬೀಳುವ ಹೆಜ್ಜೆಗಳನ್ನು ಐದರಿಂದ ಹತ್ತು ಶೇಕಡಾ ಹೆಚ್ಚಿಸಿ. ಉದ್ದ ಹೆಜ್ಜೆ ಹಾಕಿದಾಗ ಪಾದ ಮೈಯಿಂದ ಬಹಳ ಮುಂದೆ ಬಿದ್ದು ಮಂಡಿಯೇ ಬ್ರೇಕ್ ಹಾಕಬೇಕಾಗುತ್ತದೆ, ಹೆಜ್ಜೆ ಗಿಡ್ಡವಾದರೆ ಚಿಪ್ಪಿನ ಮೇಲಿನ ಒತ್ತಡ ಇಳಿಯುತ್ತದೆ. ಇದು ಅಳತೆ ಮಾಡಿ ಕಂಡುಕೊಂಡ ವಿಷಯ. ಕೆನಡಾದಲ್ಲಿ ಈ ನೋವಿದ್ದ 69 ಓಟಗಾರರ ಮೇಲೆ ನಡೆದ ಪ್ರಯೋಗದಲ್ಲಿ ಓಟದ ಪ್ರಮಾಣವನ್ನು ನೋವಿಗೆ ತಕ್ಕಂತೆ ಹೊಂದಿಸಿಕೊಳ್ಳಲು ಬರೀ ಕಲಿಸಿದ್ದೂ, ಅದರ ಜೊತೆಗೆ ಸ್ನಾಯು ವ್ಯಾಯಾಮವನ್ನೋ ಓಟದ ಶೈಲಿ ತಿದ್ದುವುದನ್ನೋ ಸೇರಿಸಿದಾಗ ಸಿಕ್ಕಷ್ಟೇ ಫಲ ಕೊಟ್ಟಿತು. ದುಬಾರಿ ಶೂ, ಮಂಡಿಗೆ ಕಟ್ಟುವ ಪಟ್ಟಿ ಎಂದು ಓಡಾಡುವ ಮುಂಚೆ ದೂರದ ಲೆಕ್ಕ ಸರಿಮಾಡಿಕೊಳ್ಳುವುದು ಮೇಲು.

ಇಷ್ಟೆಲ್ಲ ಹೇಳಿದ್ದು ಗಾಯವಾಗದ ಮಂಡಿಗೆ. ಗಾಯವಾದ ಮಂಡಿಯ ದಾರಿ ಬೇರೆ, ಇಲ್ಲಿ ನಾನು ಯಾರನ್ನೂ ಹುರಿದುಂಬಿಸಲಾರೆ. ನಮ್ಮಲ್ಲಿ ಕಾಲೇಜು ದಿನಗಳಲ್ಲಿ ಕಬಡ್ಡಿ, ಫುಟ್‌ಬಾಲ್ ಆಡುವಾಗ ಮಂಡಿ ತಿರುಚಿ "ಟಪ್" ಎಂದು ಸದ್ದು ಕೇಳಿದವರು, ಆಮೇಲೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿ ವಾಸಿ ಮಾಡಿಕೊಂಡವರು ಎಷ್ಟೋ ಜನ. ಅದು ಎಸಿಎಲ್ ಎಂಬ ಅಸ್ಥಿರಜ್ಜು ಹರಿದ ಸದ್ದಾಗಿರಬಹುದು. ಆ ಗಾಯವಾದವರಲ್ಲಿ ಹತ್ತಿಪ್ಪತ್ತು ವರ್ಷಗಳ ನಂತರ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸವೆತ ಬರುತ್ತದೆ, ಓಡಿದರೂ ಓಡದಿದ್ದರೂ. ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆಯನ್ನು ಕತ್ತರಿಸಿ ತೆಗೆಸಿಕೊಂಡವರಿಗೂ ಅಪಾಯ ಹೆಚ್ಚು. ಶಿಕಾಗೊ ಮ್ಯಾರಥಾನ್‌ನ ಮೂರು ಸಾವಿರದ ಎಂಟುನೂರು ಓಟಗಾರರನ್ನು ಕೇಳಿ ಮಾಡಿದ 2023ರ ಅಧ್ಯಯನದಲ್ಲೂ ಎಷ್ಟು ವರ್ಷ ಓಡಿದರು, ವಾರಕ್ಕೆ ಎಷ್ಟು ದೂರ ಓಡಿದರು ಎಂಬುದಕ್ಕೂ ಸವೆತಕ್ಕೂ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ವಯಸ್ಸು, ತೂಕ, ಹಳೆಯ ಗಾಯ ಅಥವಾ ಶಸ್ತ್ರಚಿಕಿತ್ಸೆ, ಮತ್ತು ಮನೆತನದಲ್ಲಿ ಸವೆತ ಇರುವುದಕ್ಕೆ. ಕೊನೆಯದನ್ನು ನಾನು ನನ್ನ ಸಹೋದ್ಯೋಗಿಯಿಂದ ಮುಚ್ಚಿಡಲಿಲ್ಲ. ತಾಯಿಯ ಮಂಡಿಯ ಪಾಲು ಅವರಿಗೂ ಬಂದಿರಬಹುದು. ಅದು ಓಟ ನಿಲ್ಲಿಸಿದರೆ ಹೋಗುವಂಥದ್ದಲ್ಲ.

ಈಗಾಗಲೇ ಸವೆತ ಇರುವವರು? ಅಮೆರಿಕದಲ್ಲಿ ಐವತ್ತು ದಾಟಿದ, ಎಕ್ಸ್‌ರೇಯಲ್ಲಿ ಸವೆತ ಖಚಿತವಾಗಿದ್ದ 1,203 ಜನರನ್ನು ನಾಲ್ಕು ವರ್ಷ ಗಮನಿಸಿದರು. ಅವರಲ್ಲಿ 138 ಜನ ಓಡುತ್ತಿದ್ದರು. ಅವರ ಸವೆತ ಉಳಿದವರಿಗಿಂತ ವೇಗವಾಗಿ ಮುಂದುವರಿಯಲಿಲ್ಲ. ಆದರೆ ಆ 138 ಮಂದಿ ತಾವಾಗಿ ಓಡಲು ಆರಿಸಿಕೊಂಡವರು, ತಮ್ಮ ಮಂಡಿ ತಾಳುವ ವೇಗದಲ್ಲಿ ಓಡಿದವರು. ಎಂದೂ ಓಡದೆ, ತೂಕ ಹೆಚ್ಚಿದ್ದು, ಸವೆತ ಬಂದ ಮೇಲೆ ಓಟ ಶುರು ಮಾಡಲು ಹೊರಟವರಿಗೆ ಈ ಅಧ್ಯಯನ ಅನ್ವಯಿಸುವುದಿಲ್ಲ. ಅವರು ನಡಿಗೆಯಿಂದ, ಸೈಕಲ್‌ನಿಂದ ಶುರು ಮಾಡಬೇಕು. ತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ಇಳಿಯುತ್ತದೆ ಎಂದು ಸವೆತವಿದ್ದ ಹಿರಿಯರ ಮೇಲೆ ಅಳೆದು ಕಂಡುಕೊಂಡಿದ್ದಾರೆ.

ಓಡುತ್ತಿರುವ ಯಾರೇ ಆಗಲಿ ನೋವಿನ ಅಂಕ ಲೆಕ್ಕ ಹಾಕುತ್ತಾ ಕೂರದೆ ವೈದ್ಯರ ಹತ್ತಿರ ಹೋಗಬೇಕಾದ ಸಂದರ್ಭಗಳೂ ಇವೆ. ಓಟದ ನಂತರ ಮಂಡಿ ಊದಿ ಚಿಪ್ಪಿನ ಅಕ್ಕಪಕ್ಕದ ಗುಳಿ ಮುಚ್ಚಿಹೋದರೆ, ಮಡಚಿದ ಮಂಡಿ ಸಿಕ್ಕಿಕೊಂಡಂತಾಗಿ ನೀಡಲು ಬಾರದಿದ್ದರೆ, ನಡೆಯುವಾಗ ಮಂಡಿ ಕುಸಿದಂತಾದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ. ಮಡಚಿದಾಗ ಬರುವ ಬರೀ "ಕಟಕಟ" ಸದ್ದಿಗೆ, ನೋವಾಗಲಿ ಊತವಾಗಲಿ ಇಲ್ಲದಿದ್ದರೆ, ಗಾಬರಿ ಬೇಡ.

ನನ್ನ ಸಹೋದ್ಯೋಗಿ ಮೇ ತಿಂಗಳ ಓಟಕ್ಕೆ ಹೋಗಲಿಲ್ಲ. ಮೊದಲ ವಾರ 2 ಕಿ.ಮೀ.ಯಿಂದ ಮತ್ತೆ ಶುರು ಮಾಡಿದರು, ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಮರುದಿನ ಬೆಳಗ್ಗೆ ಮೆಟ್ಟಿಲ ಮೇಲೆ ಸಿಕ್ಕ ಅಂಕವನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಬರೆದಿಡುತ್ತಿದ್ದರು. ಆರನೆಯ ವಾರದ ಸಾಲಿನಲ್ಲಿ ಮೂರು ಸೊನ್ನೆಗಳಿದ್ದವು. ಹದಿನಾಲ್ಕನೆಯ ವಾರ ಅವರ ಉದ್ದದ ಓಟ 5.5 ಕಿ.ಮೀ. ಆಯಿತು, ಮುಂದಿನ ಭಾನುವಾರ 6. ಅಂದು ಗುಂಪಿನವರು ಇನ್ನೊಂದು ಸುತ್ತು ಬನ್ನಿ ಎಂದು ಕರೆದರಂತೆ. ಅವರು ಗೇಟಿನ ಹತ್ತಿರ ನಿಂತು ಎಳನೀರು ಕುಡಿದು ಮನೆಗೆ ಹೋದರು.